ಗುಂಪು ವ್ಯವಹಾರ ಯೋಜನೆ: ಭಿನ್ನಾಭಿಪ್ರಾಯ ಮತ್ತು ನಾಯಕತ್ವದ ಕುರಿತು ಆತ್ಮಾವಲೋಕನ ವರದಿ

ಬಿಬಿಎ, ನಾಲ್ಕನೆಯ ಸೆಮಿಸ್ಟರ್, ಉಡುಪಿ

ಹಲಸಿನ ಹಪ್ಪಳವನ್ನು ಪ್ಯಾಕೆಟ್ ಮಾಡಿ ಮಾರುವ ನಮ್ಮ ಯೋಜನೆಯಲ್ಲಿ ಐವರಿದ್ದೆವು. ಗುಂಪಿನ ನಾಯಕಿಯ ಹೊಣೆ ನನ್ನದಾಗಿತ್ತು. ಹಪ್ಪಳ ತಯಾರಾಗುತ್ತಿದ್ದುದು ಬೈಂದೂರು ಕಡೆಯ ಗೆಳತಿಯ ಮನೆಯಲ್ಲಿ, ಅವಳ ತಾಯಿ ಮತ್ತು ಚಿಕ್ಕಮ್ಮನ ಕೈಯಿಂದ. ಕೆಲಸ ಹಂಚಿಕೆ, ಹೆಸರಿನ ಆಯ್ಕೆ ಎಲ್ಲವೂ ಸುಲಭವಾಗಿಯೇ ಮುಗಿದವು. ಜಗಳ ಹುಟ್ಟಿದ್ದು ಬೆಲೆಯಲ್ಲಿ.

ಇಪ್ಪತ್ತೈದು ಹಪ್ಪಳದ ಪ್ಯಾಕೆಟ್ಟಿಗೆ 60 ರೂಪಾಯಿ ಸಾಕು ಎಂದು ಲೆಕ್ಕ ನೋಡುತ್ತಿದ್ದ ಗೆಳೆಯ ಹೇಳಿದ. 90ಕ್ಕಿಂತ ಕಡಿಮೆಗೆ ಕೊಡುವುದಿಲ್ಲ ಎಂದು ಬೈಂದೂರಿನ ಗೆಳತಿ ಪಟ್ಟು ಹಿಡಿದಳು. ಮಾತಿಗೆ ಮಾತು ಬೆಳೆದು, ಅವಳು ಸಭೆಗೆ ಬರುವುದನ್ನೇ ಬಿಟ್ಟಳು. ಉಳಿದ ಇಬ್ಬರು 75 ರೂಪಾಯಿಗೆ ರಾಜಿ ಮಾಡಿಸು, ಇಲ್ಲವಾದರೆ ಕೈ ಎತ್ತಿಸಿ ಬಹುಮತ ನೋಡು ಎಂದು ನನ್ನನ್ನು ಒತ್ತಾಯಿಸಿದರು.

ನಾನು ಎರಡನ್ನೂ ಒಪ್ಪಲಿಲ್ಲ. ಭಿನ್ನಾಭಿಪ್ರಾಯವನ್ನು ನಿಭಾಯಿಸಲು ಥಾಮಸ್ ಮತ್ತು ಕಿಲ್ಮನ್ ಎಂಬ ಸಂಶೋಧಕರು 1974ರಲ್ಲಿ ಗುರುತಿಸಿದ ಐದು ಬಗೆಗಳಲ್ಲಿ ರಾಜಿ ಬೇರೆ, ಸಹಯೋಗ ಬೇರೆ: ರಾಜಿಯಲ್ಲಿ ಇಬ್ಬರೂ ಸ್ವಲ್ಪ ಬಿಟ್ಟುಕೊಡುತ್ತಾರೆ, ಸಹಯೋಗದಲ್ಲಿ ಇಬ್ಬರ ಅಗತ್ಯವೂ ಈಡೇರುವ ದಾರಿ ಹುಡುಕುತ್ತಾರೆ. ಯಾರ ಮಾತು ಗೆಲ್ಲಬೇಕು ಎಂಬುದಕ್ಕಿಂತ ಅವಳಿಗೆ ಇಷ್ಟು ನೋವಾದದ್ದು ಏಕೆ ಎಂಬುದು ನನಗೆ ಮುಖ್ಯವಾಗಿ ಕಂಡಿತು. ಅವಳೊಬ್ಬಳನ್ನೇ ಕೂರಿಸಿಕೊಂಡು ಕೇಳಿದೆ. ವೆಚ್ಚದ ಪಟ್ಟಿಯನ್ನು ನನ್ನ ಮುಂದಿಟ್ಟು, "ಕೂಲಿ" ಎಂಬ ಸಾಲಿನ ಮೇಲೆ ಬೆರಳಿಟ್ಟಳು. ಅಲ್ಲಿ ಸೊನ್ನೆ ಇತ್ತು. "ಮನೆಯವರೇ ಮಾಡುವುದಲ್ಲವೇ ಎಂದ. ಅಮ್ಮನ ಕೆಲಸಕ್ಕೆ ಬೆಲೆಯೇ ಇಲ್ಲವೇ?" ಎಂದಳು.

ಮುಂದಿನ ಭಾನುವಾರ ಐವರೂ ಅವಳ ಮನೆಗೆ ಹೋದೆವು. ಕೈಗೆ ತೆಂಗಿನೆಣ್ಣೆ ಹಚ್ಚಿ ಬಲಿತ ಕಾಯಿಯ ಸೊಳೆ ಬಿಡಿಸುವುದು, ಹಬೆಯಲ್ಲಿ ಬೇಯಿಸುವುದು, ರುಬ್ಬಿ ಉಂಡೆ ಕಟ್ಟುವುದು, ಒತ್ತಿ ಚಾಪೆಯ ಮೇಲೆ ಹರಡುವುದು: ಎಲ್ಲದರಲ್ಲೂ ಕೈಜೋಡಿಸಿದೆವು. ಮೇಣ ಅಂಟಿದ ಬೆರಳುಗಳನ್ನು ಉಜ್ಜಿಕೊಳ್ಳುತ್ತಲೇ ಲೆಕ್ಕದ ಗೆಳೆಯ ಗಡಿಯಾರ ನೋಡಿ ಬರೆದುಕೊಳ್ಳುತ್ತಿದ್ದ. ನೂರು ಹಪ್ಪಳಕ್ಕೆ ಒಟ್ಟು ನಾಲ್ಕು ಗಂಟೆಯ ದುಡಿಮೆ. ಗಂಟೆಗೆ 50 ರೂಪಾಯಿಯಂತೆ ಹಿಡಿದರೂ ಪ್ಯಾಕೆಟ್ಟಿಗೆ 50 ರೂಪಾಯಿ ಕೂಲಿ. ಸಾಮಗ್ರಿ, ಪ್ಯಾಕಿಂಗ್, ಸಾಗಾಟದ 35 ಸೇರಿದರೆ 85. ರಾಜಿಯ 75ಕ್ಕೆ ಒಪ್ಪಿದ್ದರೆ ಪ್ರತಿ ಪ್ಯಾಕೆಟ್ಟಿನಲ್ಲೂ ಹತ್ತು ರೂಪಾಯಿ ನಷ್ಟವಾಗುತ್ತಿತ್ತು, ಆ ನಷ್ಟವನ್ನು ಇಬ್ಬರು ಹೆಂಗಸರು ಸದ್ದಿಲ್ಲದೆ ಹೊರುತ್ತಿದ್ದರು. ಬಹುಮತದಿಂದ ಜಗಳ ತೀರುತ್ತಿತ್ತು, ಲೆಕ್ಕ ಮಾತ್ರ ತಪ್ಪಾಗಿಯೇ ಉಳಿಯುತ್ತಿತ್ತು.

ಸೊನ್ನೆಯನ್ನು ತಿದ್ದಿದವನು ಅದೇ ಗೆಳೆಯ. ಅವನ ಕೈಯಿಂದಲೇ ಆ ತಿದ್ದುಪಡಿ ಆಗಲಿ ಎಂದು ನಾನು ಪಟ್ಟಿಯನ್ನು ಮುಟ್ಟಿರಲಿಲ್ಲ. ಸೋತೆನೆಂಬ ಭಾವ ಅವನಲ್ಲಿ ಉಳಿಯಬಾರದು ಎಂಬ ಎಚ್ಚರ ನನಗಿತ್ತು. ಈ ಯೋಜನೆಯಲ್ಲಿ ನಾನು ಮಾಡಿದ ಅತಿ ಮುಖ್ಯ ಕೆಲಸ ಅದೇ ಎಂದು ಭಾವಿಸುತ್ತೇನೆ.

ಬೆಲೆ 95 ರೂಪಾಯಿಗೆ ನಿಂತಿತು. ಹಾಸ್ಟೆಲಿನ ವಿದ್ಯಾರ್ಥಿಗಳಿಗೆ ಇದು ದುಬಾರಿ ಎಂಬ ಅವನ ಅಭಿಪ್ರಾಯ ಬದಲಾಗಿಲ್ಲ. ಹತ್ತು ಹಪ್ಪಳದ ಚಿಕ್ಕ ಪ್ಯಾಕೆಟ್ ತರಬೇಕೆಂಬ ಅವನ ಸಲಹೆಯನ್ನು ಅಂತಿಮ ಯೋಜನಾ ವರದಿಯಲ್ಲಿ ಅವನದೇ ಮಾತಿನಲ್ಲಿ, ಅವನ ಸಹಿಯೊಂದಿಗೆ ಸೇರಿಸಿದ್ದೇವೆ.