ವಿಷಯ: ಗ್ರಂಥಾಲಯದ 24 ಉಕ್ಕಿನ ರ‍್ಯಾಕ್‌ಗಳು – ಮಾರ್ಚ್ 9ರಂದು ಫೋನಿನಲ್ಲಿ ಒಪ್ಪಿಕೊಂಡ ಷರತ್ತುಗಳು

ಮಾನ್ಯರೇ,

ಇಂದು ಬೆಳಿಗ್ಗೆ ಬಿಡುವು ಮಾಡಿಕೊಂಡು ಮಾತಾಡಿದ್ದಕ್ಕೆ ಧನ್ಯವಾದಗಳು. ನಿಮ್ಮ ಕಡೆಯಿಂದ ನೀವು ಮತ್ತು ವರ್ಕ್‌ಶಾಪಿನ ಮೇಲ್ವಿಚಾರಕರು, ನಮ್ಮ ಕಡೆಯಿಂದ ನಾನು ಮತ್ತು ಖಜಾಂಚಿಯವರು ಲೈನಿನಲ್ಲಿದ್ದೆವು. ನಾಲ್ವರೂ ಒಪ್ಪಿದ್ದನ್ನು ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ನಾನು ತಪ್ಪಾಗಿ ಕೇಳಿಸಿಕೊಂಡಿದ್ದರೆ ಸಂಕೋಚವಿಲ್ಲದೆ ತಿದ್ದಿ.

ನೀವು ಮೊದಲು ಹೇಳಿದ ದರ ರ‍್ಯಾಕ್ ಒಂದಕ್ಕೆ 9,100 ರೂಪಾಯಿ. ಮುಂಗಡವನ್ನು ಶೇ. 30ರಿಂದ 40ಕ್ಕೆ ಏರಿಸಲು ನಾವು ಒಪ್ಪಿದ ಮೇಲೆ ದರ 8,400ಕ್ಕೆ ಇಳಿಯಿತು. 24 ರ‍್ಯಾಕ್‌ಗಳಿಗೆ ಒಟ್ಟು 2,01,600 ರೂಪಾಯಿ. ಮುಂಗಡ 80,640, ಸರಕು ಬಂದು ಎಣಿಕೆ ಸರಿಯಾದ ದಿನ 80,640, ಜೋಡಣೆ ಮುಗಿದು ನಾವು ಪರೀಕ್ಷಿಸಿದ ಏಳು ದಿನದೊಳಗೆ ಉಳಿದ 40,320. ತೆರಿಗೆ ಪ್ರತ್ಯೇಕ, ಅದನ್ನು ಕೊನೆಯ ಕಂತಿನ ಜೊತೆ ಕೊಡುತ್ತೇವೆ. ತೆರಿಗೆ ಬಿಟ್ಟರೆ ಬೇರೆ ಯಾವ ಖರ್ಚೂ ಬಿಲ್ಲಿಗೆ ಸೇರುವುದಿಲ್ಲ.

ಪ್ರತಿ ರ‍್ಯಾಕ್ 2,100 ಮಿ.ಮೀ. ಎತ್ತರ, 900 ಅಗಲ, 300 ಆಳ, ಆರು ಹಲಗೆ. ಫೋನಿನಲ್ಲಿ ತಗಡನ್ನು "18 ಗೇಜ್" ಎಂದೆವು. ಗೇಜ್ ಪಟ್ಟಿಗಳು ಒಂದಕ್ಕಿಂತ ಹೆಚ್ಚು ಇರುವುದರಿಂದ ಇಲ್ಲಿ ಮಿಲಿಮೀಟರಿನಲ್ಲೇ ಹೇಳುತ್ತೇನೆ: ಹಲಗೆಯ ತಗಡು 1.2 ಮಿ.ಮೀ., ಕಂಬಗಳು 2 ಮಿ.ಮೀ., ಎರಡೂ ಬಣ್ಣದ ಪದರ ಬಿಟ್ಟು. ಒಂದು ಹಲಗೆ 60 ಕಿಲೋ ತೂಕವನ್ನು ಬಾಗದೆ ಹೊರಬೇಕು. ತಿಳಿ ಬೂದು ಬಣ್ಣದ ಪೌಡರ್ ಕೋಟಿಂಗ್. ಬಣ್ಣ ಹಚ್ಚುವ ಮೊದಲು ಒಂದು ಮಾದರಿ ರ‍್ಯಾಕನ್ನು ನಾವು ನಿಮ್ಮ ವರ್ಕ್‌ಶಾಪಿಗೇ ಬಂದು ನೋಡುತ್ತೇವೆ.

ಸಾಗಣೆಯ ವಿಷಯವನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಜಗಳ ಹುಟ್ಟುವುದು ಹೆಚ್ಚಾಗಿ ಇಲ್ಲೇ. "ಸೈಟಿಗೆ ತಲುಪಿಸಿ ಕೊಡ್ತೀವಿ" ಎಂದಿರಿ. ನಮ್ಮದು ಎರಡನೇ ಮಹಡಿ, ಲಿಫ್ಟ್ ಇಲ್ಲ, ಮೆಟ್ಟಿಲ ತಿರುವು ಕಿರಿದು ಎಂದು ನಾನು ಹೇಳಿದಾಗ, "ಬಿಡಿಭಾಗಗಳಾಗಿ ಮೇಲೆ ತಂದು, ಫಿಟ್ ಮಾಡಿಯೇ ಹೋಗ್ತೀವಿ" ಎಂದು ನೀವೇ ಸ್ಪಷ್ಟಪಡಿಸಿದಿರಿ. ಹಾಗಾಗಿ ಲಾರಿ ಬಾಡಿಗೆ, ಇಳಿಸುವ ಮತ್ತು ಮೇಲೆ ಹೊರುವ ಹಮಾಲಿ, ಜೋಡಣೆಯ ಕೂಲಿ ಎಲ್ಲವೂ 8,400ರಲ್ಲೇ ಸೇರಿವೆ. ಪ್ರತಿ ರ‍್ಯಾಕನ್ನೂ ಗೋಡೆಗೆ ಬೋಲ್ಟ್ ಹಾಕಿ ಬಿಗಿಯಬೇಕು. ಮಕ್ಕಳು ಹಲಗೆ ಹಿಡಿದು ಹತ್ತುವ ಜಾಗವಿದು, ಈ ಒಂದು ಕೆಲಸದಲ್ಲಿ ರಿಯಾಯಿತಿ ಕೇಳಬೇಡಿ ಎಂದು ವಿನಂತಿ. ಗೋಡೆಗೆ ರಂಧ್ರ ಕೊರೆಯಲು ಕಟ್ಟಡದ ಮಾಲೀಕರ ಒಪ್ಪಿಗೆ ಪಡೆಯುವುದು ನಮ್ಮ ಹೊಣೆ.

ಗಡುವು ಐದು ವಾರ. ಮಾತಿನ ನಡುವೆ "ಒಂದೂವರೆ ತಿಂಗಳು" ಎಂದೂ ಬಂದಿತ್ತು, ಆದರೆ ಕೊನೆಗೆ ನಿಂತದ್ದು ಐದು ವಾರಕ್ಕೆ. ಲೆಕ್ಕ ಶುರುವಾಗುವುದು ಮುಂಗಡ ನಿಮ್ಮ ಖಾತೆಗೆ ಬಿದ್ದ ದಿನದಿಂದ. ಮಾರ್ಚ್ 13ಕ್ಕೆ ಹಣ ತಲುಪಿದರೆ, ಏಪ್ರಿಲ್ 17ರೊಳಗೆ ಜೋಡಣೆಯೂ ಮುಗಿದಿರಬೇಕು. ತಡವಾದರೆ, ಬಾಕಿ ಉಳಿದ ರ‍್ಯಾಕ್‌ಗಳ ಬೆಲೆಯಲ್ಲಿ ವಾರಕ್ಕೆ ಶೇ. 1ರಂತೆ, ಗರಿಷ್ಠ ಶೇ. 5, ಕೊನೆಯ ಕಂತಿನಲ್ಲಿ ಕಡಿತ. ಜಾಗ ಖಾಲಿ ಮಾಡಿಕೊಡುವುದು ನಮ್ಮಿಂದ ತಡವಾದರೆ ಅಷ್ಟು ದಿನ ಗಡುವು ಮುಂದಕ್ಕೆ ಹೋಗುತ್ತದೆ.

ಬೆಸುಗೆ ಬಿಟ್ಟರೆ, ಬಣ್ಣ ಕಿತ್ತರೆ, ತುಕ್ಕು ಹಿಡಿದರೆ ಎರಡು ವರ್ಷದ ತನಕ ನಿಮ್ಮ ಖರ್ಚಿನಲ್ಲೇ ದುರಸ್ತಿ. ನಾವು ತಿಳಿಸಿದ ಹತ್ತು ದಿನದೊಳಗೆ. ಹಲಗೆಗೆ 60 ಕಿಲೋ ಮೀರಿ ಹೇರಿದ್ದರಿಂದ ಆದ ಹಾನಿ ಇದಕ್ಕೆ ಸೇರದು.

ಎರಡು ವಿಷಯ ಇನ್ನೂ ತೀರ್ಮಾನವಾಗಿಲ್ಲ. ನಾಲ್ಕು ರ‍್ಯಾಕ್‌ಗಳಿಗೆ ಗಾಜಿನ ಬಾಗಿಲು ಕೇಳಿದೆವು, ನೀವು ದರ ಹೇಳಲಿಲ್ಲ. ಮುಂದೆ ಇನ್ನಷ್ಟು ರ‍್ಯಾಕ್ ಬೇಕಾದರೆ ಇದೇ ದರಕ್ಕೆ ಸಿಗುತ್ತದೆಯೇ ಎಂದದ್ದಕ್ಕೆ "ನೋಡೋಣ" ಎಂದಿರಿ. ಅದನ್ನು ನಾವು ಒಪ್ಪಿಗೆ ಎಂದು ತಿಳಿದಿಲ್ಲ. ಇವೆರಡಕ್ಕೂ ಈಗಿನ ಆರ್ಡರಿಗೂ ಸಂಬಂಧವಿಲ್ಲ, ಇವುಗಳಿಗಾಗಿ ಕೆಲಸ ನಿಲ್ಲಿಸಬೇಕಿಲ್ಲ.

ಮೇಲಿನದೆಲ್ಲ ಸರಿಯಿದ್ದರೆ, ಮಾರ್ಚ್ 12ರ ಸಂಜೆಯೊಳಗೆ ಈ ಮೇಲ್‌ಗೆ "ಒಪ್ಪಿದೆ" ಎಂದು ಉತ್ತರಿಸಿ. ತಿದ್ದುಪಡಿ ಇದ್ದರೆ ಯಾವ ಸಾಲು, ಏನಾಗಬೇಕು ಎಂದು ಬರೆಯಿರಿ. ನಿಮ್ಮ ಉತ್ತರ ಬಂದ ಮರುದಿನವೇ ಮುಂಗಡ ಕಳಿಸುತ್ತೇವೆ. ಅದಕ್ಕೂ ಮೊದಲು ದಯವಿಟ್ಟು ತಗಡು ಕತ್ತರಿಸಬೇಡಿ. ಕೆಲಸ ನಡೆಯುವಾಗ ಅಳತೆಯೋ ದರವೋ ದಿನಾಂಕವೋ ಬದಲಾಗಬೇಕಾದರೆ ನೀವು ಮತ್ತು ನಾನು ಮೇಲ್‌ನಲ್ಲಿ ಒಪ್ಪಿದ ಮೇಲೆಯೇ ಆಗಲಿ. ಜೋಡಿಸಲು ಬಂದವರಿಗೆ ನಮ್ಮವರು ಬಾಯಿಮಾತಿನಲ್ಲಿ ಏನಾದರೂ ಹೇಳಿದರೆ, ನನಗೊಂದು ಫೋನ್ ಮಾಡಿಸಿ.

ಮಾದರಿ ನೋಡಲು ಯಾವ ದಿನ ಬರಬಹುದು ಎಂಬುದನ್ನೂ ಅದೇ ಉತ್ತರದಲ್ಲಿ ತಿಳಿಸಿ.

ವಂದನೆಗಳೊಂದಿಗೆ,
ಕಾರ್ಯದರ್ಶಿ, ಗ್ರಂಥಾಲಯ ಸಮಿತಿ

ಪ್ರತಿ: ಖಜಾಂಚಿಯವರಿಗೆ, ವರ್ಕ್‌ಶಾಪಿನ ಮೇಲ್ವಿಚಾರಕರಿಗೆ