ವಾರ್ಷಿಕ ಮಹಾಸಭೆಯ ನೋಟಿಸ್: 14 ಸೆಪ್ಟೆಂಬರ್ 2025, ಭಾನುವಾರ

ಅಪಾರ್ಟ್‌ಮೆಂಟ್ ಮಾಲೀಕರ ಸಂಘ, ಥಣಿಸಂದ್ರ, ಬೆಂಗಳೂರು
(ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ನೋಂದಾಯಿತ)

ದಿನಾಂಕ: 28 ಆಗಸ್ಟ್ 2025

ಎ, ಬಿ ಮತ್ತು ಸಿ ಬ್ಲಾಕ್‌ಗಳ 96 ಫ್ಲ್ಯಾಟ್‌ಗಳ ಎಲ್ಲ ಮಾಲೀಕರಿಗೆ,

ನಮಸ್ಕಾರ. ಸಂಘದ 2024-25ನೇ ಸಾಲಿನ ವಾರ್ಷಿಕ ಮಹಾಸಭೆಯನ್ನು 14 ಸೆಪ್ಟೆಂಬರ್ 2025ರ ಭಾನುವಾರ ಬೆಳಿಗ್ಗೆ 10:30ಕ್ಕೆ ಎ ಬ್ಲಾಕ್ ನೆಲಮಹಡಿಯ ಸಭಾಂಗಣದಲ್ಲಿ ಕರೆಯಲಾಗಿದೆ. ಉಪವಿಧಿಯಂತೆ 14 ಪೂರ್ಣ ದಿನ ಮುಂಚಿತವಾಗಿ ಈ ನೋಟಿಸ್ ಕೊಡುತ್ತಿದ್ದೇವೆ. ಗ್ರೂಪಿನಲ್ಲಿ ಹಾಕಿದ್ದನ್ನೇ ಮೂರೂ ಬ್ಲಾಕ್‌ಗಳ ಲಿಫ್ಟ್ ಪಕ್ಕದ ಬೋರ್ಡಿಗೂ ಅಂಟಿಸಿದೆ. ಬೇರೆ ಊರಿನಲ್ಲಿರುವ ಮಾಲೀಕರಿಗೆ ಇಮೇಲ್ ಹೋಗಿದೆ. ಬಾಡಿಗೆದಾರರು ದಯವಿಟ್ಟು ಇದನ್ನು ನಿಮ್ಮ ಮನೆ ಮಾಲೀಕರಿಗೆ ಫಾರ್ವರ್ಡ್ ಮಾಡಿ.

ಕಾರ್ಯಸೂಚಿ

1. 22 ಸೆಪ್ಟೆಂಬರ್ 2024ರ ಮಹಾಸಭೆಯ ನಡಾವಳಿಯನ್ನು ಓದಿ ದೃಢೀಕರಿಸುವುದು.

2. ಕಾರ್ಯಕಾರಿ ಸಮಿತಿಯ ವಾರ್ಷಿಕ ವರದಿ.

3. 31 ಮಾರ್ಚ್ 2025ಕ್ಕೆ ಮುಗಿದ ವರ್ಷದ ಲೆಕ್ಕಪರಿಶೋಧಿತ ಆದಾಯ-ವೆಚ್ಚ ಪಟ್ಟಿ ಮತ್ತು ಆಸ್ತಿ-ಹೊಣೆ ಪಟ್ಟಿಗಳ ಅಂಗೀಕಾರ. ಪ್ರತಿಗಳು ಸಂಘದ ಕಚೇರಿಯಲ್ಲಿವೆ. ವೋಚರ್ ಫೈಲ್ ನೋಡಬೇಕೆನ್ನುವವರು 6 ಮತ್ತು 7ನೇ ತಾರೀಖು ಸಂಜೆ 5ರಿಂದ 7ರೊಳಗೆ ಬನ್ನಿ, ಖಜಾಂಚಿಯವರು ಅಲ್ಲೇ ಇರುತ್ತಾರೆ. ಬಿಲ್ ಬಗ್ಗೆ ಏನೇ ಅನುಮಾನವಿದ್ದರೂ ಆಗಲೇ ಕೇಳಿಬಿಟ್ಟರೆ ಉತ್ತರ ಸಿಗುತ್ತದೆ. ಸಭೆಯಲ್ಲಿ ಮೊದಲ ಸಲ ಕೇಳಿದರೆ ಫೈಲ್ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ.

4. 2025-26ನೇ ಸಾಲಿಗೆ ಲೆಕ್ಕಪರಿಶೋಧಕರ ನೇಮಕ ಮತ್ತು ಅವರ ಶುಲ್ಕ.

5. ನಿರ್ವಹಣಾ ಶುಲ್ಕವನ್ನು 1 ಅಕ್ಟೋಬರ್ 2025ರಿಂದ ಚದರಡಿಗೆ ತಿಂಗಳಿಗೆ 3.25 ರೂಪಾಯಿಯಿಂದ 3.75ಕ್ಕೆ ಏರಿಸುವ ಪ್ರಸ್ತಾವ, ಪರಿಷ್ಕೃತ ಆಯವ್ಯಯದೊಂದಿಗೆ.

ಇದರ ಮೇಲೆ ಮಾತು ಜಾಸ್ತಿ ಆಗುವುದು ಖಂಡಿತ. ಅದಕ್ಕೇ ಲೆಕ್ಕವನ್ನು ಇಲ್ಲೇ ಕೊಡುತ್ತೇವೆ. ಒಟ್ಟು 1,18,000 ಚದರಡಿಗೆ ಈಗಿನ ದರದಲ್ಲಿ ವರ್ಷಕ್ಕೆ ಬರುವುದು 46,02,000 ರೂಪಾಯಿ. ಕಳೆದ ವರ್ಷದ ಖರ್ಚು 49,38,000. ಕೊರತೆ 3,36,000 ರೂಪಾಯಿಯನ್ನು ಕಾರ್ಪಸ್ ಫಂಡಿನ ಬಡ್ಡಿಯಿಂದ ತುಂಬಿದ್ದೇವೆ. ಈ ವರ್ಷವೂ ಹಾಗೆ ಮಾಡುವುದು ಸಮಿತಿಗೆ ಸರಿ ಕಾಣುತ್ತಿಲ್ಲ. ಐವತ್ತು ಪೈಸೆ ಏರಿಸಿದರೆ ಮಾರ್ಚ್‌ವರೆಗಿನ ಆರು ತಿಂಗಳಲ್ಲಿ 3,54,000 ಹೆಚ್ಚುವರಿ ಬರುತ್ತದೆ. 1,240 ಚದರಡಿ ಮನೆಯವರು ಈಗ ಕಟ್ಟುತ್ತಿರುವುದು 4,030, ಮುಂದೆ 4,650. ನಮ್ಮಲ್ಲಿನ ಅತಿ ದೊಡ್ಡ ಮನೆ 1,640 ಚದರಡಿಯದು, ಅದಕ್ಕೂ 6,150 ಆಗುತ್ತದೆ. ಸದಸ್ಯರೊಬ್ಬರಿಗೆ ತಿಂಗಳಿಗೆ 7,500 ರೂಪಾಯಿವರೆಗೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ ಶೇ 18ರ ಭಯ ಯಾರಿಗೂ ಬೇಡ.

6. ಬಿ ಬ್ಲಾಕ್ ಲಿಫ್ಟ್ ಬದಲಾವಣೆಗೆ ಸಿಂಕಿಂಗ್ ಫಂಡಿನಿಂದ 9,80,000 ರೂಪಾಯಿವರೆಗೆ ಬಳಸಲು ಒಪ್ಪಿಗೆ. ಮೂರು ಕೊಟೇಶನ್‌ಗಳು ಕಚೇರಿಯಲ್ಲಿವೆ.

7. ಕಾವೇರಿ ಐದನೇ ಹಂತದ ನೀರಿನ ಸಂಪರ್ಕಕ್ಕೆ ಜಲಮಂಡಳಿಗೆ ಕಟ್ಟಬೇಕಾದ ಶುಲ್ಕವನ್ನು ಫ್ಲ್ಯಾಟ್‌ಗೆ ಸಮನಾಗಿ ಹಂಚುವುದೋ ಚದರಡಿ ಲೆಕ್ಕದಲ್ಲೋ ಎಂಬ ತೀರ್ಮಾನ. ಟ್ಯಾಂಕರ್‌ಗೆ ಕಳೆದ ವರ್ಷ 6,20,000 ರೂಪಾಯಿ ಹೋಗಿದೆ ಎನ್ನುವುದು ನೆನಪಿರಲಿ.

8. ನೆಲಮಾಳಿಗೆಯಲ್ಲಿ ವಿದ್ಯುತ್ ವಾಹನ ಚಾರ್ಜಿಂಗ್: ಚರ್ಚೆ ಮಾತ್ರ.

9. ಎರಡು ವರ್ಷದ ಅವಧಿಗೆ ಏಳು ಮಂದಿಯ ಕಾರ್ಯಕಾರಿ ಸಮಿತಿಯ ಚುನಾವಣೆ. ನಾಮಪತ್ರವನ್ನು ಒಬ್ಬ ಸೂಚಕ, ಒಬ್ಬ ಅನುಮೋದಕರ ಸಹಿಯೊಂದಿಗೆ 7 ಸೆಪ್ಟೆಂಬರ್ ಸಂಜೆ 6ರೊಳಗೆ ಕಚೇರಿಗೆ ಕೊಡಬೇಕು. ಏಳಕ್ಕಿಂತ ಹೆಚ್ಚು ಮಂದಿ ನಿಂತರೆ ಗುಪ್ತ ಮತದಾನ. ಎ-302ರ ಮಾಲೀಕರು ಚುನಾವಣಾಧಿಕಾರಿಯಾಗಿರಲು ಒಪ್ಪಿದ್ದಾರೆ, ಅವರು ಸ್ಪರ್ಧಿಸುತ್ತಿಲ್ಲ.

10. ಅಧ್ಯಕ್ಷರ ಅನುಮತಿಯೊಂದಿಗೆ ಇತರ ವಿಷಯಗಳು. ಹಣ ಖರ್ಚಾಗುವ ಯಾವ ನಿರ್ಣಯವನ್ನೂ ಈ ಬಾಬಿನಲ್ಲಿ ತೆಗೆದುಕೊಳ್ಳುವಂತಿಲ್ಲ. ಹೊಸ ವಿಷಯ ಸೇರಿಸಬೇಕಿದ್ದರೆ 5 ಸೆಪ್ಟೆಂಬರ್‌ಗೆ ಮುಂಚೆ ಬರೆದುಕೊಡಿ.

ಕೋರಂ

ಒಟ್ಟು ಸದಸ್ಯರಲ್ಲಿ ಮೂರನೇ ಒಂದು ಭಾಗ, ಅಂದರೆ 32 ಫ್ಲ್ಯಾಟ್‌ಗಳ ಮಾಲೀಕರು ಖುದ್ದಾಗಿ ಹಾಜರಿದ್ದರೆ ಕೋರಂ ಆಗುತ್ತದೆ. ಒಂದು ಫ್ಲ್ಯಾಟ್‌ಗೆ ಒಂದೇ ಎಣಿಕೆ. ಗಂಡ ಹೆಂಡತಿ ಇಬ್ಬರೂ ಬಂದು ಕೂತರೂ ಒಂದೇ. ಪ್ರಾಕ್ಸಿ ಪತ್ರ ಕೋರಂಗೆ ಲೆಕ್ಕವಿಲ್ಲ. ಹಾಜರಿ ಪುಸ್ತಕಕ್ಕೆ ಸಹಿ ಹಾಕಿದವರನ್ನಷ್ಟೇ ಎಣಿಸುತ್ತೇವೆ. ಬಾಗಿಲಲ್ಲಿ ನಿಂತು ಫೋನಿನಲ್ಲಿ ಮಾತಾಡುವವರೂ ದಯವಿಟ್ಟು ಸಹಿ ಹಾಕಿ ನಿಲ್ಲಿ.

11 ಗಂಟೆಯೊಳಗೆ ಕೋರಂ ಆಗದಿದ್ದರೆ ಸಭೆ ಮುಂದೂಡಲ್ಪಟ್ಟು, ಅದೇ ದಿನ ಅದೇ ಜಾಗದಲ್ಲಿ 11:30ಕ್ಕೆ ಮತ್ತೆ ಸೇರುತ್ತದೆ. ಆಗ ಬಂದಿರುವಷ್ಟೇ ಸದಸ್ಯರು ಕೋರಂ. ಈ ನೋಟಿಸಿನಲ್ಲಿರುವ ವಿಷಯಗಳ ಹೊರತು ಬೇರೇನನ್ನೂ ಆ ಸಭೆಯಲ್ಲಿ ಎತ್ತುವಂತಿಲ್ಲ. ಅಲ್ಲಿ ಆದ ನಿರ್ಣಯ ಬಾರದವರಿಗೂ ಅನ್ವಯಿಸುತ್ತದೆ. ಕಳೆದ ವರ್ಷ 19 ಮಂದಿ ಕೂತು ನಿರ್ಣಯ ಮಾಡಿ, ಆಮೇಲೆ ಗ್ರೂಪಿನಲ್ಲಿ ಮೂರು ವಾರ ವಾದ ನಡೆಯಿತು.

ಮತ ಮತ್ತು ಪ್ರಾಕ್ಸಿ

ಒಂದು ಫ್ಲ್ಯಾಟ್‌ಗೆ ಒಂದು ಮತ. ಜಂಟಿ ಮಾಲೀಕತ್ವವಿದ್ದರೆ ಕ್ರಯಪತ್ರದಲ್ಲಿ ಮೊದಲ ಹೆಸರಿನವರದು; ಅವರು ಬಾರದಿದ್ದರೆ ಎರಡನೆಯವರು ಪ್ರಾಕ್ಸಿಯಿಲ್ಲದೆ ಹಾಕಬಹುದು. ಮೂರು ತಿಂಗಳಿಗಿಂತ ಹೆಚ್ಚು ಬಾಕಿ ಇರುವವರು ಸಭೆಗೆ ಬರಬಹುದು, ಮಾತಾಡಬಹುದು, ಮತ ಹಾಕುವಂತಿಲ್ಲ. 10 ಸೆಪ್ಟೆಂಬರ್‌ಗೆ ಮುಂಚೆ ಕಟ್ಟಿದರೆ ಹಕ್ಕು ವಾಪಸ್.

ಬರಲಾಗದವರು ಪ್ರಾಕ್ಸಿ ನೇಮಿಸಬಹುದು: ಸಂಘದ ಇನ್ನೊಬ್ಬ ಸದಸ್ಯರನ್ನು, ಇಲ್ಲವೇ ತಮ್ಮ ಸಂಗಾತಿ, ತಂದೆ ತಾಯಿ ಅಥವಾ 18 ದಾಟಿದ ಮಗ, ಮಗಳನ್ನು. ಬಾಡಿಗೆದಾರರನ್ನು ನೇಮಿಸುವಂತಿಲ್ಲ. ಒಬ್ಬರ ಕೈಯಲ್ಲಿ ಎರಡಕ್ಕಿಂತ ಹೆಚ್ಚು ಪ್ರಾಕ್ಸಿ ಇರಕೂಡದು. ಸಹಿ ಮಾಡಿದ ಪತ್ರ ಸಭೆಗೆ 48 ಗಂಟೆ ಮುಂಚೆ, ಅಂದರೆ 12 ಸೆಪ್ಟೆಂಬರ್ ಶುಕ್ರವಾರ ಬೆಳಿಗ್ಗೆ 10:30ರೊಳಗೆ ಕಚೇರಿಗೆ ತಲುಪಬೇಕು. ವಿದೇಶದಲ್ಲಿರುವವರು ಸಹಿ ಹಾಕಿ ಸ್ಕ್ಯಾನ್ ಮಾಡಿ ನೋಂದಾಯಿತ ಇಮೇಲಿನಿಂದಲೇ ಕಳಿಸಿ. ‘ನನ್ನ ಪರವಾಗಿ ಪಕ್ಕದ ಮನೆಯವರು ಹಾಕ್ತಾರೆ’ ಎಂಬ ವಾಟ್ಸ್ಆ್ಯಪ್ ಮೆಸೇಜ್ ನಡೆಯುವುದಿಲ್ಲ. ಸಮಿತಿಯ ಚುನಾವಣೆಗೆ ಪ್ರಾಕ್ಸಿ ಮತವಿಲ್ಲ. ಪ್ರಾಕ್ಸಿ ಕೊಟ್ಟ ಮೇಲೂ ನೀವೇ ಬಂದರೆ ಪತ್ರ ತಾನಾಗಿ ರದ್ದಾಗುತ್ತದೆ.

ಪತ್ರದ ಒಕ್ಕಣೆ ಹೀಗಿರಲಿ. ಸಿ-207ರವರು ಎ-110ರವರಿಗೆ ಕೊಡುವ ಪತ್ರವನ್ನು ಮಾದರಿಯಾಗಿ ಬರೆದಿದೆ. ನಿಮ್ಮ ಹೆಸರು, ಮನೆ ಸಂಖ್ಯೆ ಸೇರಿಸಿಕೊಳ್ಳಿ.

“ಸಿ-207ನೇ ಫ್ಲ್ಯಾಟಿನ ಮಾಲೀಕನೂ ಸಂಘದ ಸದಸ್ಯನೂ ಆದ ನಾನು, 14 ಸೆಪ್ಟೆಂಬರ್ 2025ರಂದು ನಡೆಯುವ ವಾರ್ಷಿಕ ಮಹಾಸಭೆಯಲ್ಲಿ ಮತ್ತು ಅದು ಮುಂದೂಡಲ್ಪಟ್ಟರೆ ಆ ಮುಂದಿನ ಸಭೆಯಲ್ಲಿ ನನ್ನ ಪರವಾಗಿ ಹಾಜರಿದ್ದು ಮತ ಚಲಾಯಿಸಲು ಎ-110ನೇ ಫ್ಲ್ಯಾಟಿನ ಮಾಲೀಕರನ್ನು ನನ್ನ ಪ್ರಾಕ್ಸಿಯಾಗಿ ನೇಮಿಸುತ್ತೇನೆ. ಕಾರ್ಯಸೂಚಿಯ 5ನೇ ವಿಷಯಕ್ಕೆ ನನ್ನ ಮತ ಪ್ರಸ್ತಾವದ ವಿರುದ್ಧ, 6ನೇ ವಿಷಯಕ್ಕೆ ಪರ. ಉಳಿದವುಗಳಲ್ಲಿ ಅವರ ವಿವೇಚನೆಗೆ ಬಿಟ್ಟಿದ್ದೇನೆ. ಈ ಸಭೆ ಮುಗಿದೊಡನೆ ಈ ಅಧಿಕಾರವೂ ಮುಗಿಯುತ್ತದೆ.”

ಕೆಳಗೆ ಮಾಲೀಕರ ಸಹಿ, ತಾರೀಖು, ಪ್ರಾಕ್ಸಿಯವರ ಒಪ್ಪಿಗೆ ಸಹಿ, ಒಬ್ಬ ಸಾಕ್ಷಿಯ ಸಹಿ ಇರಬೇಕು. ಪರ, ವಿರುದ್ಧ ಎಂದು ಮೊದಲೇ ಬರೆಯುವುದು ಕಡ್ಡಾಯವಲ್ಲ.

ಹತ್ತು ಗಂಟೆಗೆ ಇಡ್ಲಿ-ವಡೆ, ಕಾಫಿ ಇದೆ. ಅಡುಗೆಯವರಿಗೆ ಲೆಕ್ಕ ಕೊಡಬೇಕಿರುವುದರಿಂದ ಬರುವವರು 11ನೇ ತಾರೀಖಿನೊಳಗೆ ಗ್ರೂಪಿನಲ್ಲಿ ಮನೆ ಸಂಖ್ಯೆ ಹಾಕಿ.

ಕಾರ್ಯಕಾರಿ ಸಮಿತಿಯ ಅಪ್ಪಣೆಯಂತೆ,
ಗೌರವ ಕಾರ್ಯದರ್ಶಿ
(ಬಿ-304)