ಗುಳೆ ಹೋಗುವ ಮನೆಗಳ ಮಕ್ಕಳು: 2024–25ರ ವಾರ್ಷಿಕ ವರದಿ

ಕಾರ್ಯಕ್ಷೇತ್ರ: ಕೊಪ್ಪಳ ಜಿಲ್ಲೆ, ಕುಷ್ಟಗಿ ತಾಲ್ಲೂಕಿನ ಹನುಮಸಾಗರ ಮತ್ತು ತಾವರಗೇರಾ ಹೋಬಳಿಗಳ 8 ಹಳ್ಳಿ, 10 ಸರ್ಕಾರಿ ಶಾಲೆ
ವರದಿಯ ಅವಧಿ: 1 ಏಪ್ರಿಲ್ 2024ರಿಂದ 31 ಮಾರ್ಚ್ 2025

ಹಿಂದಿನ ವರ್ಷದ ವರದಿ 42 ಪುಟ ಇತ್ತು. ಎಷ್ಟು ಪಾಲಕರ ಸಭೆ, ಎಷ್ಟು ಜಾಥಾ, ಯಾರು ದೀಪ ಬೆಳಗಿಸಿದರು ಎಂಬುದೆಲ್ಲ ಅದರಲ್ಲಿತ್ತು. ಆ ಲೆಕ್ಕ ಈಗಲೂ ನಮ್ಮ ಕಡತದಲ್ಲಿದೆ, ಕೇಳಿದವರಿಗೆ ಕೊಡುತ್ತೇವೆ. ಈ ವರದಿಯಲ್ಲಿ ಮಕ್ಕಳು ಶಾಲೆಯಲ್ಲಿ ಉಳಿದರೇ, ಓದಲು ಕಲಿತರೇ ಎಂಬುದನ್ನಷ್ಟೇ ಹೇಳಿದ್ದೇವೆ.

ಶಾಲೆಯಲ್ಲಿ ಉಳಿದವರು

ಈ ಭಾಗದಲ್ಲಿ ರಾಶಿ ಮುಗಿಯುತ್ತಿದ್ದಂತೆ ಗುಳೆ ಶುರುವಾಗುತ್ತದೆ. ಬೆಂಗಳೂರು, ಮಂಗಳೂರು, ಗೋವಾದ ಕಟ್ಟಡ ಕೆಲಸಕ್ಕೆ ಹೋದವರು ಮಳೆ ಬಿದ್ದ ಮೇಲೆಯೇ ವಾಪಸಾಗುತ್ತಾರೆ. ಹಾಗಾಗಿ ಜನವರಿಯಿಂದ ಮಾರ್ಚ್‌ವರೆಗಿನ ಹಾಜರಿಯೇ ನಮ್ಮ ಮುಖ್ಯ ಅಳತೆ. ಆ ಮೂರು ತಿಂಗಳಲ್ಲಿ ಸತತ 30 ದಿನ ಶಾಲೆಗೆ ಬಾರದ ಮಗುವನ್ನು ಶಾಲೆಯಿಂದ ದೂರವಾದ ಮಗು ಎಂದು ಎಣಿಸಿದ್ದೇವೆ.

2023–24ರಲ್ಲಿ ಗುಳೆ ಹೋಗುವ ಮನೆಗಳ 397 ಮಕ್ಕಳಲ್ಲಿ 171 ಮಕ್ಕಳು (ಶೇ 43) ದೂರವಾಗಿದ್ದರು. ಈ ವರ್ಷ 412 ಮಕ್ಕಳಲ್ಲಿ 94 (ಶೇ 23). ಅಂಕಿಗಳನ್ನು ಶಾಲೆಯ ಹಾಜರಿ ಪುಸ್ತಕದಿಂದ ತೆಗೆದುಕೊಂಡಿದ್ದೇವೆ. ನಿವೃತ್ತ ಶಿಕ್ಷಕರೊಬ್ಬರು 40 ಹೆಸರು ಆರಿಸಿ ಮನೆಮನೆಗೆ ಹೋಗಿ ತಾಳೆ ನೋಡಿದಾಗ ಮೂರು ಹೆಸರಿನಲ್ಲಿ ತಪ್ಪು ಕಂಡಿತು. ತಿದ್ದಿದ ಮೇಲಿನ ಲೆಕ್ಕ ಇದು.

ಈ ಇಳಿಕೆಯನ್ನು ಪೂರ್ತಿ ನಮ್ಮ ಕೆಲಸದ ಫಲ ಎನ್ನಲಾಗದು. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಗಿದ್ದವು. 2024ರಲ್ಲಿ ಮಳೆ ಚೆನ್ನಾಗಿತ್ತು. ಹೆಸರು, ಸಜ್ಜೆ, ತೊಗರಿ ಕೈಗೆ ಬಂದ ಮನೆಯವರು ಗುಳೆ ಹೋಗುವುದನ್ನು ಮುಂದೂಡಿದರು, ಕೆಲವರು ಹೋಗಲೇ ಇಲ್ಲ. ಬರದ ವರ್ಷವನ್ನು ಪಕ್ಕದಲ್ಲಿಟ್ಟುಕೊಂಡರೆ ಯಾವ ವರ್ಷವೂ ಚೆಂದ ಕಾಣುತ್ತದೆ. ಇದರಲ್ಲಿ ಮಳೆಯ ಪಾಲೆಷ್ಟು, ನಮ್ಮ ಪಾಲೆಷ್ಟು ಎಂದು ಬೇರ್ಪಡಿಸಲು ಇನ್ನೂ ಎರಡು ವರ್ಷದ ಹಾಜರಿಯಾದರೂ ಬೇಕು.

ಉಳಿದವರು ಹೇಗೆ ಉಳಿದರು

ಶಾಲೆಯಲ್ಲಿ ಉಳಿದ 318 ಮಕ್ಕಳಲ್ಲಿ 118 ಮಕ್ಕಳ ತಂದೆ ತಾಯಿ ಇಬ್ಬರೂ ಅಥವಾ ಒಬ್ಬರು ಊರಲ್ಲೇ ಇದ್ದರು. 139 ಮಕ್ಕಳು ಅಜ್ಜ–ಅಜ್ಜಿಯ ಅಥವಾ ಸಂಬಂಧಿಕರ ಹತ್ತಿರ ಉಳಿದರು. ನಮ್ಮ ಋತುಮಾನದ ವಸತಿ ಕೇಂದ್ರದಲ್ಲಿ ಮಾರ್ಚ್ ಕೊನೆಯವರೆಗೆ ಇದ್ದವರು 61 ಮಕ್ಕಳು.

ಕಾರ್ಯಕಾರಿ ಸಮಿತಿಯಲ್ಲಿ ಹೆಚ್ಚು ಚರ್ಚೆಯಾದದ್ದು ಈ ಕೊನೆಯ ಅಂಕಿ. ವರ್ಷದ ಖರ್ಚಿನಲ್ಲಿ ಶೇ 46 ಹೋದದ್ದು ವಸತಿ ಕೇಂದ್ರಗಳಿಗೆ, ಅಂದರೆ ಐದು ತಿಂಗಳಿಗೆ ಮಗುವೊಂದಕ್ಕೆ ಸುಮಾರು ₹29,000. ಕೇಂದ್ರದಲ್ಲಿದ್ದವರ ಎರಡು ಪಟ್ಟಿಗೂ ಹೆಚ್ಚು ಮಕ್ಕಳು ಅಜ್ಜಿಯರ, ಸಂಬಂಧಿಕರ ಮನೆಯಲ್ಲಿ ಉಳಿದರು. ಅಲ್ಲಿ ನಮ್ಮ ಖರ್ಚು ಕಾರ್ಯಕರ್ತೆಯ ವಾರದ ಭೇಟಿಯಷ್ಟೇ.

ಅಜ್ಜಿಯರು ಈ ವರ್ಷ ಒಪ್ಪಿಕೊಂಡದ್ದೇಕೆ? ಈ 139 ಮಕ್ಕಳು ಇದ್ದದ್ದು 88 ಮನೆಗಳಲ್ಲಿ. ಅವುಗಳಲ್ಲಿ 57 ಮನೆಗಳ ಪಡಿತರ ಚೀಟಿಯಲ್ಲಿ ಯಜಮಾನಿ ಎಂದು ಇರುವುದು ಅಜ್ಜಿಯ ಹೆಸರೇ, ಗೃಹಲಕ್ಷ್ಮಿಯ ₹2,000 ಅವರ ಖಾತೆಗೇ ಬರುತ್ತದೆ. ‘ಕೈಯಾಗ ನಾಕು ದುಡ್ಡು ಅದಾವು, ಮೊಮ್ಮಕ್ಕಳನ್ನ ಇಟ್ಕೋತೀನಿ ಅಂತ ಮಗನಿಗೆ ನಾನೇ ಹೇಳ್ದೆ’ ಎಂದು ಒಬ್ಬ ಅಜ್ಜಿ ನಮ್ಮ ಕಾರ್ಯಕರ್ತೆಗೆ ಹೇಳಿದರು. ಇದು ಸರ್ಕಾರದ ಯೋಜನೆಯ ಫಲ, ನಮ್ಮದೆಂದು ಬರೆದುಕೊಳ್ಳುವುದು ಸರಿಯಲ್ಲ. ಆದರೆ ಮುಂದಿನ ವರ್ಷ ಹಣ ಎಲ್ಲಿಗೆ ಹಾಕಬೇಕೆಂಬುದನ್ನು ಇದು ತೋರಿಸಿದೆ.

ಉದ್ಯೋಗ ಖಾತ್ರಿಯಲ್ಲಿ ಅಂದುಕೊಂಡಷ್ಟು ಆಗಲಿಲ್ಲ. ನಮ್ಮ ಪಟ್ಟಿಯ 263 ಕುಟುಂಬಗಳಲ್ಲಿ 104 ಕುಟುಂಬಗಳು ಜನವರಿಯಲ್ಲಿ ನಮೂನೆ 6 ತುಂಬಿ ಕೆಲಸ ಕೇಳಿದವು. 30 ದಿನಕ್ಕಿಂತ ಹೆಚ್ಚು ಕೆಲಸ ಸಿಕ್ಕಿದ್ದು 71 ಕುಟುಂಬಗಳಿಗೆ. ದಿನಗೂಲಿ ₹349 ಇದ್ದರೂ, 15 ದಿನದೊಳಗೆ ಬರಬೇಕಾದ ಹಣ ಹಲವರ ಖಾತೆಗೆ ತಿಂಗಳು ಮೀರಿದರೂ ಬೀಳಲಿಲ್ಲ. ಹಾಗೆ ಕಾದ 19 ಕುಟುಂಬಗಳು ಮಾರ್ಚ್‌ನಲ್ಲಿ ಮಕ್ಕಳನ್ನೂ ಕರೆದುಕೊಂಡು ಹೊರಟವು. ಅರ್ಜಿ ತುಂಬಿಸಿದ್ದನ್ನೇ ಹಿಂದಿನ ವರದಿಯಲ್ಲಿ ಸಾಧನೆ ಎಂದು ಬರೆದಿದ್ದೆವು. ಈ ಬಾರಿ ಹಾಗೆ ಬರೆದಿಲ್ಲ.

ಓದು, ಲೆಕ್ಕ

3ರಿಂದ 5ನೇ ತರಗತಿಯ 148 ಮಕ್ಕಳನ್ನು ಜೂನ್‌ನಲ್ಲಿ ಪರೀಕ್ಷಿಸಿದ್ದೆವು. ಮಾರ್ಚ್‌ನಲ್ಲಿ ಸಿಕ್ಕವರು 136. ಎರಡೂ ಸಲ ಸಿಕ್ಕ ಈ 136 ಮಕ್ಕಳಲ್ಲಿ 2ನೇ ತರಗತಿ ಮಟ್ಟದ ಪಾಠವನ್ನು ತಡವರಿಸದೆ ಓದುವವರು 50ರಿಂದ 89ಕ್ಕೆ ಏರಿದರು (ಶೇ 37ರಿಂದ 65). ಸಿಗದ 12 ಮಕ್ಕಳನ್ನು ಓದಲು ಬಾರದವರೆಂದೇ ಹಿಡಿದರೆ ಮಾರ್ಚ್‌ನ ಅಂಕಿ ಶೇ 60ಕ್ಕೆ ಇಳಿಯುತ್ತದೆ. ಎರಡು ಅಂಕಿಯ ಕಳೆಯುವ ಲೆಕ್ಕ ಮಾಡಬಲ್ಲವರು 41ರಿಂದ 58ಕ್ಕೆ ಮಾತ್ರ ಏರಿದ್ದಾರೆ. ಸಂಜೆ ತರಗತಿಯ ಹೆಚ್ಚಿನ ಸಮಯ ಓದಿಗೇ ಹೋಗಿದ್ದು ಇದಕ್ಕೊಂದು ಕಾರಣ. ಕಾರ್ಯಕರ್ತೆಯರಿಗೂ ಲೆಕ್ಕ ಕಲಿಸುವ ತರಬೇತಿ ಸಾಲದು.

7ನೇ ತರಗತಿ ಮುಗಿಸಿದ 46 ಮಕ್ಕಳಲ್ಲಿ 39 ಮಕ್ಕಳು 8ಕ್ಕೆ ಸೇರಿದರು. ಸೇರದ ಏಳು ಜನರಲ್ಲಿ ಐವರು ಹುಡುಗಿಯರು, ಐವರೂ ಒಂದೇ ಊರಿನವರು. ಹೈಸ್ಕೂಲು ಅಲ್ಲಿಂದ 7 ಕಿಲೋಮೀಟರ್. ಶಕ್ತಿ ಯೋಜನೆಯಲ್ಲಿ ಟಿಕೆಟ್ ಬೇಡ ನಿಜ, ಆದರೆ ಶಾಲೆ ಬಿಡುವ ಹೊತ್ತಿಗೆ ಆ ದಾರಿಯಲ್ಲಿ ಬಸ್ಸೇ ಇಲ್ಲ. ಬಸ್ ಸಮಯ ಬದಲಿಸಲು ಎಸ್‌ಡಿಎಂಸಿಯೊಂದಿಗೆ ಸೇರಿ ಎರಡು ಬಾರಿ ಮನವಿ ಕೊಟ್ಟಿದ್ದೇವೆ. ಇನ್ನೂ ಬದಲಾಗಿಲ್ಲ.

ಕೈತಪ್ಪಿದ್ದು

ಎರಡು ವಸತಿ ಕೇಂದ್ರಗಳಲ್ಲಿ ಒಂದನ್ನು ಫೆಬ್ರವರಿ ಮಧ್ಯದಲ್ಲಿ ಮುಚ್ಚಬೇಕಾಯಿತು. ಬೋರ್‌ವೆಲ್ ಬತ್ತಿತು, ಟ್ಯಾಂಕರ್ ನೀರನ್ನು ನೆಚ್ಚಿ ಮಕ್ಕಳನ್ನು ಇಟ್ಟುಕೊಳ್ಳುವಂತಿರಲಿಲ್ಲ. ಅಲ್ಲಿದ್ದ 27 ಮಕ್ಕಳಲ್ಲಿ 16 ಜನರನ್ನು ಇನ್ನೊಂದು ಕೇಂದ್ರಕ್ಕೆ ಸೇರಿಸಿದೆವು. ಉಳಿದ 11ರಲ್ಲಿ ಐವರು ಸಂಬಂಧಿಕರ ಮನೆಗೆ ಹೋದರು, ಆರು ಮಕ್ಕಳು ಹೆತ್ತವರಿದ್ದ ಕಡೆಗೆ ಹೊರಟುಹೋದರು. ಕಟ್ಟಡ ಬಾಡಿಗೆಗೆ ಹಿಡಿಯುವಾಗ ನೀರಿನ ಬಗ್ಗೆ ಊರವರು ಎಚ್ಚರಿಸಿದ್ದರು. ನಾವು ಕಿವಿಗೆ ಹಾಕಿಕೊಂಡಿರಲಿಲ್ಲ.

ಹಣ

ವರ್ಷದ ಆದಾಯ ₹36.9 ಲಕ್ಷ, ಖರ್ಚು ₹38.6 ಲಕ್ಷ: ವಸತಿ ಕೇಂದ್ರ 17.8, ಕಾರ್ಯಕರ್ತೆಯರ ಸಂಬಳ 13.1, ಓದು–ಲೆಕ್ಕದ ತರಗತಿ 4.2, ಆಡಳಿತ ಮತ್ತು ಲೆಕ್ಕ ಪರಿಶೋಧನೆ 3.5. ಕೊರತೆಯ ₹1.7 ಲಕ್ಷವನ್ನು ಮೀಸಲು ನಿಧಿಯಿಂದ ತುಂಬಿದ್ದೇವೆ.

2025–26

ಒಂದೇ ವಸತಿ ಕೇಂದ್ರ ನಡೆಸುತ್ತೇವೆ. ಹತ್ತಿರದ ಸಂಬಂಧಿಕರು ಯಾರೂ ಇಲ್ಲದ ಮಕ್ಕಳಿಗೆ ಅಲ್ಲಿ ಮೊದಲ ಜಾಗ. ಉಳಿಯುವ ಹಣವನ್ನು ಅಜ್ಜಿಯರ ಮನೆಗಳಲ್ಲಿರುವ ಮಕ್ಕಳ ಸಂಜೆ ತರಗತಿಗೂ ಆರೋಗ್ಯ ತಪಾಸಣೆಗೂ ಬಳಸುತ್ತೇವೆ. ಶಾಲೆಯಿಂದ ದೂರವಾಗುವವರನ್ನು ಶೇ 20ಕ್ಕೆ ಇಳಿಸುವುದು ಗುರಿ. ಮಳೆ ಕೈಕೊಟ್ಟರೆ ಈ ವರ್ಷದ ಶೇ 23ನ್ನು ಉಳಿಸಿಕೊಳ್ಳುವುದೂ ಕಷ್ಟವಾದೀತು.

ಮಾರ್ಚ್ ಪರೀಕ್ಷೆಗೆ ಸಿಗದ 12 ಮಕ್ಕಳಲ್ಲಿ ಏಳು ಮಕ್ಕಳ ಹೆತ್ತವರೊಂದಿಗೆ ಫೋನಿನಲ್ಲಿ ಮಾತಾಡಿದ್ದೇವೆ. ನಾಲ್ವರು ಜೂನ್‌ಗೆ ಊರಿಗೆ ಬರುವುದಾಗಿ ಹೇಳಿದ್ದಾರೆ, ಮೂವರು ಏನೂ ಖಚಿತವಾಗಿ ಹೇಳಿಲ್ಲ. ಉಳಿದ ಐವರ ನಂಬರ್ ಹತ್ತುತ್ತಿಲ್ಲ. ಶಾಲೆಯ ದಾಖಲೆಯಿಂದ ಅವರ ಹೆಸರು ತೆಗೆಯದಂತೆ ಮುಖ್ಯ ಶಿಕ್ಷಕರನ್ನು ಕೇಳಿಕೊಂಡಿದ್ದೇವೆ.